ಕೈಖರ್ಚಿನ ಕಾಸು

ಬನದ ಹುಣ್ಣಿಮೆ ಕಳೆದು ಬರುವ ಪುಷ್ಯ ಬಹುಳ ಬಿದಿಗೆಯಂದು ಕೊಪ್ಪಳದ ಗವಿಮಠದ ಎದುರಿನ ಬಯಲಿನಲ್ಲಿ ಗವಿಸಿದ್ಧೇಶ್ವರನ ಮಹಾರಥೋತ್ಸವವು ನೆರವೇರುತ್ತದೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳ ಕಡೆಯಿಂದ ಜನಸಾಗರವೇ ಅಲ್ಲಿಗೆ ಹರಿದು ಬರುತ್ತದೆ. ಹಿರಿಯರ ಕಣ್ಣು ತೇರಿನ ಮೇಲೆ. ಮಕ್ಕಳ ಕಣ್ಣು ಅಂಗಡಿಗಳ ಸಾಲಿನ ಮೇಲೆ. ಬೆಂಡು ಬತ್ತಾಸು, ಮಂಡಾಳು ಮಿರ್ಚಿ, ಪೀಪಿ, ಬುಗ್ಗೆ, ಬಣ್ಣದ ಗೊಂಬೆ, ತಿರುಗುವ ತೊಟ್ಟಿಲು - ಒಂದೇ ಎರಡೇ! ಪ್ರತಿಯೊಂದು ಮಗುವಿನ ಮುಷ್ಟಿಯಲ್ಲಿಯೂ ತಂದೆಯೋ ಅಜ್ಜಿಯೋ ಸೋದರಮಾವನೋ ಕೊಟ್ಟ ಜಾತ್ರೆಯ ಕಾಸು ಇರುತ್ತದೆ.

ಒಂದೇ ಓಣಿಯ ಇಬ್ಬರು ಹುಡುಗರಿಗೆ ನೂರು ನೂರು ರೂಪಾಯಿ ದೊರೆತಿದೆಯೆಂದು ಭಾವಿಸೋಣ. ಮೊದಲನೆಯವನು ಮೊದಲು ಕಂಡ ಅಂಗಡಿಯಲ್ಲಿಯೇ ಮೂವತ್ತು ರೂಪಾಯಿ ತೆತ್ತನು. ತೇರು ಎಳೆಯುವ ಹೊತ್ತಿಗೆ ಅವನ ಕೈ ಬರಿದಾಗಿತ್ತು. ತಾನು ಏನನ್ನು ಕೊಂಡೆನೆಂಬುದೂ ಅವನಿಗೆ ನೆನಪಿರಲಿಲ್ಲ. ಎರಡನೆಯವನು ಅಂಗಡಿಗಳ ಸಾಲನ್ನು ಒಮ್ಮೆ ಕೊನೆಯವರೆಗೆ ಸುತ್ತಿ ಬಂದು, ಎರಡು ಕಡೆ ಬೆಲೆ ವಿಚಾರಿಸಿ, ತನಗೆ ಬೇಕಾದುದನ್ನು ಎಂಬತ್ತು ರೂಪಾಯಿಗೆ ಕೊಂಡು, ಇಪ್ಪತ್ತು ರೂಪಾಯಿಯೊಡನೆ ಮನೆಗೆ ಮರಳಿದನು. ಇದನ್ನು ಕಂಡವರು, "ಅವನು ಜಾಣ, ಇವನು ದುಂದುಗಾರ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಈ ವ್ಯತ್ಯಾಸಕ್ಕೆ ಹುಟ್ಟುಗುಣವೇ ಕಾರಣವೆಂದು ಹೇಳಲಾಗದು. ಜಾತ್ರೆಯ ದಿನ ಕೊಟ್ಟ ಹಣಕ್ಕಿಂತ, ಉಳಿದ ಮುನ್ನೂರು ದಿನಗಳಲ್ಲಿ ಆ ಮಕ್ಕಳಿಗೆ ಹಣವನ್ನು ಯಾವ ರೀತಿಯಲ್ಲಿ ಕೊಡಲಾಗಿತ್ತು ಎಂಬುದೇ ಇಲ್ಲಿ ಹೆಚ್ಚು ಮುಖ್ಯವಾದುದು.

ಮಕ್ಕಳ ಕೈಗೆ ಹಿರಿಯರು ಕೊಡುವ ಸಣ್ಣ ಮೊತ್ತಕ್ಕೆ ಕೈಖರ್ಚು ಎಂದು ಹೆಸರು. ಮಗು ಅತ್ತಾಗ ಎರಡು ರೂಪಾಯಿ, ಹಟ ಮಾಡಿದಾಗ ಐದು ರೂಪಾಯಿ, ತಂದೆಯ ಮನಸ್ಸು ಪ್ರಸನ್ನವಾಗಿದ್ದಾಗ ಹತ್ತು ರೂಪಾಯಿ - ಇಂತಹ ಕೊಡುಗೆಯಿಂದ ಮಗುವು ಕಲಿಯುವುದು ಹಣದ ಲೆಕ್ಕವನ್ನಲ್ಲ. ಅಳುವ ಸಮಯವನ್ನು ಮತ್ತು ಕೇಳುವ ಸಮಯವನ್ನು. ಕೈಖರ್ಚು ಪಾಠವಾಗಬೇಕಾದರೆ ಮೂರು ಸಂಗತಿಗಳು ಮೊದಲೇ ಗೊತ್ತಾಗಿರಬೇಕು. ಎಷ್ಟು ಹಣ ಎಂಬುದು ಒಂದು. ಯಾವ ದಿನ ಎಂಬುದು ಎರಡು. ಅದರಿಂದ ಯಾವ ಯಾವ ಖರ್ಚನ್ನು ಮಗುವೇ ನಿಭಾಯಿಸಬೇಕು ಎಂಬುದು ಮೂರು. ಈ ಮೂರರಲ್ಲಿ ಮೊತ್ತವು ಚಿಕ್ಕದಾದರೂ ಚಿಂತೆಯಿಲ್ಲ. ದಿನವು ಮಾತ್ರ ತಪ್ಪಬಾರದು. ಇದಕ್ಕೆ ಕಾರಣವೇನೆಂಬುದನ್ನು ಒಂದು ಕುಟುಂಬದ ಉದಾಹರಣೆಯಿಂದ ತಿಳಿಯಬಹುದು.

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಳೆಯನ್ನೇ ನಂಬಿ ಸಜ್ಜೆ, ತೊಗರಿ, ಜೋಳಗಳನ್ನು ಬೆಳೆಯುವ ಒಂದು ಮನೆತನವನ್ನು ಕಲ್ಪಿಸಿಕೊಳ್ಳೋಣ. ಆ ಮನೆಯಲ್ಲಿ ಮೂವರು ಮಕ್ಕಳು. ಕಿರಿಯ ಮಗಳಿಗೆ ಆರು ವರ್ಷ, ನಡುವಿನ ಮಗನಿಗೆ ಹತ್ತು ವರ್ಷ, ಹಿರಿಯ ಮಗಳಿಗೆ ಹದಿನಾಲ್ಕು ವರ್ಷ. ಒಕ್ಕಲುತನದ ಮನೆಯಲ್ಲಿ ಹಣವು ತಿಂಗಳು ತಿಂಗಳು ಬರುವುದಿಲ್ಲ. ಫಸಲು ಮಾರಿದಾಗ ಒಮ್ಮೆಲೇ ಬರುತ್ತದೆ, ಬಿತ್ತನೆಯ ಕಾಲದಲ್ಲಿ ಒಮ್ಮೆಲೇ ಹೋಗುತ್ತದೆ. ಇಂತಹ ಮನೆಯ ಹಿರಿಯರು ಮೂವರು ಮಕ್ಕಳಿಗೂ ಮೂರು ಬಗೆಯಾಗಿ ಕೈಖರ್ಚು ಕೊಡಲು ನಿಶ್ಚಯಿಸಿದರು.

ಮೊದಲು ಕಿರಿಯಳ ವಿಷಯ. ಐದಾರು ವರ್ಷದ ಮಗುವಿನ ಮುಂದೆ ಒಂದು ರೂಪಾಯಿಯ ಎರಡು ನಾಣ್ಯಗಳನ್ನೂ ಐದು ರೂಪಾಯಿಯ ಒಂದು ನಾಣ್ಯವನ್ನೂ ಇಟ್ಟು ಆರಿಸಿಕೊಳ್ಳಲು ಹೇಳಿದರೆ, ಅನೇಕ ವೇಳೆ ಅದು ಎರಡು ನಾಣ್ಯಗಳನ್ನೇ ಎತ್ತಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896-1980) ಈ ವಯಸ್ಸಿನ ಮಕ್ಕಳ ಎಣಿಕೆಯ ಕ್ರಮವನ್ನು ಬಹುಕಾಲ ಪರಿಶೀಲಿಸಿದನು. ಎರಡು ಸಾಲುಗಳಲ್ಲಿ ಸಮಸಂಖ್ಯೆಯ ಬಿಲ್ಲೆಗಳನ್ನು ಜೋಡಿಸಿ, ಒಂದು ಸಾಲನ್ನು ತುಸು ಹರಡಿ ಉದ್ದ ಮಾಡಿದರೆ, ಎಳೆಯ ಮಕ್ಕಳು ಉದ್ದನೆಯ ಸಾಲಿನಲ್ಲಿ ಹೆಚ್ಚು ಬಿಲ್ಲೆಗಳಿವೆಯೆಂದು ಹೇಳುವುದನ್ನು ಅವನು ಕಂಡನು. ಕಣ್ಣಿಗೆ ಹಿರಿದಾಗಿ ಕಂಡುದೇ ಹೆಚ್ಚು ಎಂಬುದು ಆ ವಯಸ್ಸಿನ ನ್ಯಾಯ. ಸಾಮಾನ್ಯವಾಗಿ ಆರೇಳು ವರ್ಷಗಳ ಹೊತ್ತಿಗೆ ಈ ಭ್ರಮೆ ಕಳೆಯತೊಡಗುತ್ತದೆ. ಆದುದರಿಂದ ಕಿರಿಯ ಮಗುವಿಗೆ ನೋಟನ್ನು ಕೊಟ್ಟು ಫಲವಿಲ್ಲ. ಎಣಿಸಬಹುದಾದ ಬಿಡಿ ನಾಣ್ಯಗಳನ್ನೇ ಕೊಡಬೇಕು.

ಈ ಮನೆಯಲ್ಲಿ ಕಿರಿಯಳಿಗೆ ಸಂತೆಯ ದಿನ ಐದು, ವಾರದ ನಡುವೆ ಐದು, ಹೀಗೆ ಒಂದು ರೂಪಾಯಿಯ ನಾಣ್ಯಗಳನ್ನು ಎಣಿಸಿ ಕೊಡುವ ಪದ್ಧತಿಯಾಯಿತು. ಅವಳ ಹಣಕ್ಕೆ ಮಣ್ಣಿನ ಹುಂಡಿಯ ಬದಲು ಒಂದು ಗಾಜಿನ ಸೀಸೆಯನ್ನು ಇಟ್ಟರು. ಹುಂಡಿಯೊಳಗೆ ಬಿದ್ದ ನಾಣ್ಯವು ಎಳೆಯ ಮಗುವಿನ ಪಾಲಿಗೆ ಕಳೆದುಹೋದ ನಾಣ್ಯವೇ ಸರಿ. ಸೀಸೆಯಲ್ಲಾದರೋ ನಾಣ್ಯಗಳ ಮಟ್ಟವು ಏರುವುದು ಕಣ್ಣಿಗೆ ಕಾಣುತ್ತದೆ. ಅವಳ ಮುಂದೆ ಒಂದೇ ಒಂದು ಆಯ್ಕೆ ಇತ್ತು. ಕೈಗೆ ಬಂದ ಐದು ರೂಪಾಯಿಗೆ ಅಂದೇ ಪೆಪ್ಪರಮಿಂಟು ಕೊಳ್ಳಬಹುದು. ಇಲ್ಲವೆ ಮುಂದಿನ ಸಂತೆಯವರೆಗೆ ಕಾದು, ಹತ್ತು ರೂಪಾಯಿಯ ಬುಗ್ಗೆಯನ್ನು ಕೊಳ್ಳಬಹುದು. ಮೂರು ನಾಲ್ಕು ದಿನಗಳ ಈ ಕಾಯುವಿಕೆಯು ದೊಡ್ಡವರಿಗೆ ಅಲ್ಪವೆನಿಸಬಹುದು. ಆರು ವರ್ಷದ ಮಗುವಿಗೆ ಅದು ಬಹು ದೀರ್ಘವಾದುದು. ಅದಕ್ಕೆ ತಿಂಗಳುಗಟ್ಟಲೆ ಕೂಡಿಡಲು ಹೇಳುವುದು ವ್ಯರ್ಥ.

ಕಾಯುವ ಶಕ್ತಿಯು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ಕುರಿತು ಅಮೆರಿಕೆಯಲ್ಲಿ ನಡೆದ ಎರಡು ಪ್ರಯೋಗಗಳನ್ನು ಇಲ್ಲಿ ಹೇಳಬೇಕಾಗುತ್ತದೆ. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಮಿಶೆಲ್ ಮತ್ತು ಅವನ ಸಂಗಡಿಗರು ಎಳೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಕೋಣೆಯಲ್ಲಿ ಕೂರಿಸಿ, "ತಿಂಡಿಯನ್ನು ಈಗಲೇ ತೆಗೆದುಕೊಂಡರೆ ಸ್ವಲ್ಪ, ಹಿರಿಯರು ಮರಳುವವರೆಗೆ ಕಾದರೆ ಹೆಚ್ಚು" ಎಂಬ ಒಪ್ಪಂದ ಮಾಡಿದರು. ತಿಂಡಿ ಕಣ್ಣ ಮುಂದೆಯೇ ಇದ್ದಾಗ ಮಕ್ಕಳು ಬೇಗ ಸೋತರು. ಅದು ಮರೆಯಾಗಿದ್ದಾಗ ಹೆಚ್ಚು ಹೊತ್ತು ಕಾದರು. ಆಗ ಕಾಯುವಿಕೆಯನ್ನು ಮಗುವಿನ ಮನೋಬಲವೆಂದೇ ಅನೇಕರು ತಿಳಿದರು.

ಆದರೆ 2013ರಲ್ಲಿ ಪ್ರಕಟವಾದ, ರಾಚೆಸ್ಟರ್ ವಿಶ್ವವಿದ್ಯಾನಿಲಯದ ಪ್ರಯೋಗವು ಬೇರೊಂದು ಸಂಗತಿಯನ್ನು ತೋರಿಸಿತು. ಅಲ್ಲಿ ಇಪ್ಪತ್ತೆಂಟು ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. ಎಲ್ಲರಿಗೂ ಹಳೆಯ ಬಣ್ಣದ ಕಡ್ಡಿಗಳನ್ನು ಕೊಟ್ಟು, "ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯವನ್ನು ತರುತ್ತೇವೆ" ಎಂದು ಹೇಳಿದರು. ಒಂದು ಗುಂಪಿಗೆ ಹೇಳಿದಂತೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಯಲ್ಲಿ ಬಂದು, ಕ್ಷಮೆ ಕೇಳಿದರು. ಆಮೇಲೆ ತಿಂಡಿಯ ಪರೀಕ್ಷೆ ನಡೆಯಿತು. ಮಾತು ನಡೆಸಿಕೊಟ್ಟ ಗುಂಪಿನ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದ ಗುಂಪಿನ ಮಕ್ಕಳು ಮೂರೇ ನಿಮಿಷಗಳಲ್ಲಿ ತಿಂಡಿಗೆ ಕೈ ಹಾಕಿದರು. ಈ ಮಕ್ಕಳು ಅವಿವೇಕಿಗಳಲ್ಲ. ಕೊಡುತ್ತೇವೆಂದವರು ಕೊಡುವುದಿಲ್ಲವೆಂದು ಒಮ್ಮೆ ಅರಿತ ಮೇಲೆ, ಕೈಯಲ್ಲಿರುವುದನ್ನು ಈಗಲೇ ಅನುಭವಿಸುವುದೇ ಬುದ್ಧಿವಂತಿಕೆಯಲ್ಲವೆ?

ಕೈಖರ್ಚಿನ ದಿನವು ತಪ್ಪಬಾರದೆಂಬುದಕ್ಕೆ ಕಾರಣವು ಇದೇ. "ನಾಳೆ ಕೊಡುತ್ತೇನೆ" ಎಂದು ತಂದೆಯು ಹೇಳಿ ಮರೆತರೆ, ಮಗುವಿಗೆ ನಷ್ಟವಾಗುವುದು ಐದು ರೂಪಾಯಿಯಷ್ಟೇ ಅಲ್ಲ. ನಾಳೆಯ ಮೇಲಿನ ನಂಬಿಕೆಯೂ ನಷ್ಟವಾಗುತ್ತದೆ. ಉಳಿತಾಯವೆಂದರೆ ನಾಳೆಯ ಮೇಲಿನ ನಂಬಿಕೆಯಲ್ಲದೆ ಬೇರೇನೂ ಅಲ್ಲ. ಆದ್ದರಿಂದ ಹಣದ ಅಡಚಣೆಯಿರುವ ಮನೆಯಲ್ಲಿ ವಾರಕ್ಕೆ ಐವತ್ತು ರೂಪಾಯಿ ಕೊಡುತ್ತೇವೆಂದು ಹೇಳಿ ತಪ್ಪುವುದಕ್ಕಿಂತ, ಹತ್ತು ರೂಪಾಯಿ ಎಂದು ಹೇಳಿ ತಪ್ಪದೆ ಕೊಡುವುದು ಎಷ್ಟೋ ಮೇಲು.

ಇನ್ನು ನಡುವಿನವನ ಕಥೆ. ಹತ್ತು ವರ್ಷದ ಬಾಲಕನಿಗೆ ಕೂಡಿಸುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. ವಾರವೆಂಬುದು ಅವನ ಹಿಡಿತಕ್ಕೆ ಸಿಕ್ಕುವ ಕಾಲ. ಅವನಿಗೆ ಪ್ರತಿ ಸಂತೆಯ ದಿನ ಮೂವತ್ತು ರೂಪಾಯಿ ಗೊತ್ತಾಯಿತು. ತಿಂಡಿ, ಆಟದ ಸಾಮಾನು, ಗೆಳೆಯರೊಡನೆ ಮಾಡುವ ಖರ್ಚು ಅವನದು. ಪಟ್ಟಿ ಪುಸ್ತಕ, ಬಟ್ಟೆ ಮನೆಯವರದು. ವಿಜಯದಶಮಿಯಂದು ಬನ್ನಿ ಕೊಟ್ಟು ಹಿರಿಯರಿಗೆ ನಮಸ್ಕರಿಸಿದ ಸಂಜೆ ಅವನು ಒಂದು ಸಂಕಲ್ಪ ಮಾಡಿದನು. ಕೊಪ್ಪಳಕ್ಕೆ ಸಮೀಪದ ಕಿನ್ನಾಳವು ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿಯ ಚಿತ್ರಗಾರರು ಹಗುರವಾದ ಮರದಿಂದ ಕಡೆದು ಬಣ್ಣ ಬರೆದ ಒಂದು ಗೊಂಬೆಯನ್ನು ಜಾತ್ರೆಯಲ್ಲಿ ಕೊಳ್ಳಬೇಕೆಂಬುದೇ ಆ ಸಂಕಲ್ಪ. ಅದರ ಬೆಲೆ ಇನ್ನೂರೈವತ್ತು ರೂಪಾಯಿಗಳೆಂದು ಇಟ್ಟುಕೊಳ್ಳೋಣ.

ಬಾಲಕನು ಪಂಚಾಂಗದಲ್ಲಿ ಎಣಿಸಿದನು. ವಿಜಯದಶಮಿಯಿಂದ ಜಾತ್ರೆಯವರೆಗೆ ಹದಿಮೂರು ವಾರಗಳಿದ್ದವು. ವಾರಕ್ಕೆ ಇಪ್ಪತ್ತು ರೂಪಾಯಿ ಉಳಿಸಿದರೆ ಇನ್ನೂರರವತ್ತು ಆಗುತ್ತದೆ. ಹತ್ತು ರೂಪಾಯಿ ಮಿಕ್ಕುತ್ತದೆ. ಲೆಕ್ಕವು ನಿರ್ದುಷ್ಟವಾಗಿತ್ತು. ಮಣ್ಣಿನ ಹುಂಡಿ ಬಂದಿತು. ಮೂರು ವಾರಗಳಲ್ಲಿ ಅರವತ್ತು ರೂಪಾಯಿ ಸೇರಿತು. ಅಷ್ಟರಲ್ಲಿ ದೀಪಾವಳಿ ಬಂದಿತು! ಓಣಿಯ ಹುಡುಗರ ಪಟಾಕಿಯ ಸದ್ದನ್ನು ಕೇಳಿ ಅವನ ಮನಸ್ಸು ತಡೆಯಲಿಲ್ಲ. ಹುಂಡಿಯ ಬಾಯನ್ನು ಕೆಳಗೆ ಮಾಡಿ, ಕಡ್ಡಿಯಿಂದ ಕೆದಕಿ, ಅರವತ್ತು ರೂಪಾಯಿಯನ್ನೂ ತೆಗೆದು ಪಟಾಕಿಗೆ ಕೊಟ್ಟನು. ಅರ್ಧ ಗಂಟೆಯಲ್ಲಿ ಎಲ್ಲವೂ ಹೊಗೆಯಾಯಿತು.

ಇಂತಹ ಗಳಿಗೆಯಲ್ಲಿಯೇ ಹಿರಿಯರು ತಪ್ಪು ಮಾಡುವುದು. ಕೆಲವರು ಹುಡುಗನನ್ನು ಗದರಿಸಿ ಹುಂಡಿಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಕೆಲವರು ಕನಿಕರದಿಂದ ಅರವತ್ತು ರೂಪಾಯಿಯನ್ನು ಮರಳಿ ತುಂಬುತ್ತಾರೆ. ಮೊದಲನೆಯ ಕ್ರಮದಿಂದ ಹಣವು ಮಗುವಿನದಾಗಿ ಉಳಿಯುವುದಿಲ್ಲ. ಎರಡನೆಯದರಿಂದ ತಪ್ಪು ಮಗುವಿನದಾಗಿ ಉಳಿಯುವುದಿಲ್ಲ. ಈ ಮನೆಯ ತಂದೆಯು ಎರಡನ್ನೂ ಮಾಡದೆ, "ಈಗ ಎಷ್ಟು ವಾರ ಉಳಿದಿದೆ?" ಎಂದು ಮಾತ್ರ ಕೇಳಿದನು. ಹತ್ತು ವಾರ ಉಳಿದಿತ್ತು. ವಾರಕ್ಕೆ ಇಪ್ಪತ್ತರಂತೆ ಇನ್ನೂರೇ ಆಗುತ್ತದೆ, ಗೊಂಬೆ ದೊರೆಯದು. ಇಪ್ಪತ್ತೈದರಂತೆ ಉಳಿಸಿದರೆ ಸರಿಯಾಗಿ ಇನ್ನೂರೈವತ್ತು ಆಗುತ್ತದೆ. ಆದರೆ ಖರ್ಚಿಗೆ ವಾರಕ್ಕೆ ಐದೇ ರೂಪಾಯಿ ಉಳಿಯುತ್ತದೆ. ಬಾಲಕನು ಯೋಚಿಸಿ ಎರಡನೆಯದಕ್ಕೆ ಒಪ್ಪಿದನು. ಪಟಾಕಿಯ ಬೆಲೆ ಅರವತ್ತು ರೂಪಾಯಿ ಮಾತ್ರವಲ್ಲ, ಹತ್ತು ವಾರಗಳ ತಿಂಡಿಯ ಪಾಲೂ ಹೌದೆಂಬುದು ಅವನಿಗೆ ತಾನಾಗಿ ತಿಳಿಯಿತು. ಗದರಿಕೆಯು ಇದನ್ನು ಕಲಿಸಲಾರದು.

ಆರು ವಾರಗಳು ಹೀಗೆ ಸಾಗಿದವು. ಹುಂಡಿಯಲ್ಲಿ ನೂರೈವತ್ತು ರೂಪಾಯಿ ಸೇರಿತು. ಅಷ್ಟರಲ್ಲಿ ಒಂದು ಇಳಿಹೊತ್ತು ಅಜ್ಜಿಗೆ ಜ್ವರ ಏರಿ, ಯಲಬುರ್ಗಾದ ದವಾಖಾನೆಗೆ ಕರೆದೊಯ್ಯಬೇಕಾಯಿತು. ತೊಗರಿ ಇನ್ನೂ ಹೊಲದಲ್ಲಿತ್ತು. ಕೈಯಲ್ಲಿದ್ದ ಹಣಕ್ಕೆ ನೂರು ರೂಪಾಯಿ ಕಡಿಮೆ ಬೀಳುತ್ತಿತ್ತು. ತಂದೆಯು ಊರಲ್ಲಿರಲಿಲ್ಲ. ತಾಯಿಯ ದೃಷ್ಟಿ ಗೂಡಿನಲ್ಲಿದ್ದ ಹುಂಡಿಯ ಮೇಲೆ ಬಿದ್ದಿತು.

ಒಕ್ಕಲುತನದ ಎಷ್ಟೋ ಮನೆಗಳಲ್ಲಿ ಇಂತಹ ಸಂದರ್ಭಗಳು ಬರುತ್ತವೆ. ಮಕ್ಕಳ ಹುಂಡಿಯಿಂದ ಹಣ ತೆಗೆಯುವುದು ಪಾಪವೇನಲ್ಲ; ಮನೆಯ ಕಷ್ಟವು ಮಕ್ಕಳ ಕಷ್ಟವೂ ಹೌದು. ಆದರೆ ಹೇಳದೆ ತೆಗೆಯುವುದಕ್ಕೂ ಕೇಳಿ ತೆಗೆಯುವುದಕ್ಕೂ ಅಜಗಜಾಂತರವಿದೆ. ಹೇಳದೆ ತೆಗೆದರೆ, ಕೂಡಿಟ್ಟವನ ಹಣವು ಹೋಗುತ್ತದೆ, ತಿಂದು ಮುಗಿಸಿದವನದು ಉಳಿಯುತ್ತದೆ ಎಂಬ ವಿಪರೀತ ಪಾಠವನ್ನು ಮಗು ಕಲಿಯುತ್ತದೆ. ಮುಂದೆ ಅದು ಕೂಡಿಡುವುದಿಲ್ಲ, ಇಲ್ಲವೆ ಬಚ್ಚಿಡುತ್ತದೆ. ಹುಂಡಿಯು ಇದ್ದಕ್ಕಿದ್ದಂತೆ ಖಾಲಿಯಾಗಿಯೇ ಇರತೊಡಗಿದರೆ, ಅಥವಾ ಹಣವು ಪುಸ್ತಕದ ಎಲೆಗಳ ನಡುವೆ, ಹಾಸಿಗೆಯ ಕೆಳಗೆ ಕಾಣಿಸತೊಡಗಿದರೆ, ಆ ಮನೆಯಲ್ಲಿ ಮಗುವಿನ ನಂಬಿಕೆ ಎಲ್ಲಿಯೋ ಮುರಿದಿದೆಯೆಂದು ತಿಳಿಯಬೇಕು.

ಈ ತಾಯಿಯು ಮಗನನ್ನು ಕರೆದು, "ಅಜ್ಜಿಯ ಔಷಧಕ್ಕೆ ನೂರು ರೂಪಾಯಿ ಬೇಕಪ್ಪಾ. ಸಾಲ ಕೊಡುತ್ತೀಯಾ? ತೊಗರಿ ಬಂದ ಮೇಲೆ ಕೊಡುತ್ತೇನೆ" ಎಂದು ಕೇಳಿದಳು. ಹುಡುಗನು ಹುಂಡಿಯನ್ನು ತಾನೇ ತಂದುಕೊಟ್ಟನು. ಅಂದು ರಾತ್ರಿ ತಾಯಿಯ ಮಾತಿನಂತೆ ಹಿರಿಯ ಮಗಳು ತಮ್ಮನ ಪಟ್ಟಿ ಪುಸ್ತಕದಲ್ಲಿ, "ಅವ್ವನಿಗೆ ಕೊಟ್ಟ ಸಾಲ 100 ರೂಪಾಯಿ" ಎಂದು ದಿನಾಂಕದೊಡನೆ ಬರೆದಳು. ಮೂರು ವಾರಗಳ ಮೇಲೆ ತೊಗರಿಯ ಮೊದಲ ಚೀಲ ಮಾರಿದ ದಿನವೇ ಆ ನೂರು ರೂಪಾಯಿ ಹುಂಡಿಗೆ ಮರಳಿತು. ಬರೆದ ಸಾಲಿನ ಮೇಲೆ ಹುಡುಗನೇ ಗೆರೆ ಎಳೆದನು. ಸಾಲವೆಂದರೇನು, ವಾಯಿದೆಯೆಂದರೇನು, ತೀರಿಸುವುದೆಂದರೇನು ಎಂಬುದನ್ನು ಆ ಒಂದು ಸಾಲು ಅವನಿಗೆ ತಿಳಿಸಿತು. ಅವನ ಹಣವು ಅಜ್ಜಿಯ ಔಷಧವಾದುದರ ಹೆಮ್ಮೆಯೂ ಅದರೊಡನೆ ಸೇರಿತು.

ಹದಿನಾಲ್ಕರ ಹಿರಿಯಳಿಗೆ ವಾರದ ಹಣ ಸಾಲದು. ಮೊತ್ತವು ಸಾಲದೆಂದಲ್ಲ, ಕಾಲಾವಧಿಯು ಸಾಲದೆಂದು. ಅವಳು ತಿಂಗಳನ್ನು ಮುಂದಾಗಿ ಕಾಣಬಲ್ಲಳು. ಅವಳಿಗೆ ತಿಂಗಳ ಮೊದಲ ದಿನ ನಾನೂರು ರೂಪಾಯಿ ಕೊಡುವ ಪದ್ಧತಿಯಾಯಿತು. ತಮ್ಮನಿಗಿಂತ ಇದು ಬಹಳ ಹೆಚ್ಚೆಂದು ತೋರಬಹುದು. ಆದರೆ ಅವಳ ಮೊತ್ತದೊಡನೆ ಅವಳ ಹೊರೆಯೂ ಹೆಚ್ಚಿತ್ತು. ತಮ್ಮನಿಗೆ ಮನೆಯವರು ಕೊಡಿಸುವ ಪಟ್ಟಿ ಪುಸ್ತಕ, ಪೆನ್ನುಗಳನ್ನು ಅವಳು ತನ್ನ ಹಣದಿಂದಲೇ ಕೊಳ್ಳಬೇಕಾಗಿತ್ತು. ಹೊರೆಯಿಲ್ಲದೆ ಮೊತ್ತವನ್ನು ಮಾತ್ರ ಹೆಚ್ಚಿಸಿದರೆ ತಿಂಡಿಯ ಖರ್ಚು ಹೆಚ್ಚುತ್ತದೆಯೇ ಹೊರತು ವಿವೇಕವು ಹೆಚ್ಚುವುದಿಲ್ಲ.

ಮೊದಲ ತಿಂಗಳು ಅವಳು ಮನಸ್ಸಿಗೆ ಬಂದಂತೆ ಖರ್ಚು ಮಾಡಿ, ಉಳಿದುದನ್ನು ಕೂಡಿಡುವೆನೆಂದು ಬಗೆದಳು. ಇಪ್ಪತ್ತನೆಯ ದಿನಕ್ಕೆ ಕೈಯಲ್ಲಿ ಉಳಿದುದು ಹದಿನೈದು ರೂಪಾಯಿ. ಗಣಿತದ ಪಟ್ಟಿ ಪುಸ್ತಕ ಮುಗಿದಿತ್ತು. ಹತ್ತು ದಿನ ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನು ಹೊಲಿದು ಅವಳು ಕಾಲ ನೂಕಿದಳು. ಮರುತಿಂಗಳು ಕ್ರಮವನ್ನು ತಿರುವುಮುರುವಾಗಿಸಿದಳು. ಹಣ ಬಂದ ದಿನವೇ ನೂರು ರೂಪಾಯಿಯನ್ನು ಉಳಿತಾಯಕ್ಕೆ ತೆಗೆದಿಟ್ಟಳು. ನೂರಿಪ್ಪತ್ತನ್ನು ಶಾಲೆಯ ಸಾಮಾನಿಗೆ ಮೀಸಲಿಟ್ಟಳು. ಉಳಿದ ನೂರೆಂಬತ್ತನ್ನು ನಾಲ್ಕು ವಾರಗಳಿಗೆ ಹಂಚಿ, ವಾರಕ್ಕೆ ನಲವತ್ತೈದರಂತೆ ಇಟ್ಟುಕೊಂಡಳು. ಉಳಿದರೆ ಕೂಡಿಡುವುದು ಬೇರೆ, ಕೂಡಿಟ್ಟು ಉಳಿದುದನ್ನು ಖರ್ಚು ಮಾಡುವುದು ಬೇರೆ. ಮೊದಲನೆಯದರಲ್ಲಿ ಉಳಿಯುವುದು ಅಪರೂಪ.

ಐದು ತಿಂಗಳಲ್ಲಿ ಅವಳ ಬಳಿ ಐನೂರು ರೂಪಾಯಿ ಕೂಡಿತು. ಆಗ ಅದು ಹುಂಡಿಯನ್ನು ಬಿಟ್ಟು ಅಂಚೆ ಕಚೇರಿಗೆ ಹೋಯಿತು. ನಮ್ಮ ದೇಶದ ಅಂಚೆ ಉಳಿತಾಯ ಬ್ಯಾಂಕು 1882ರಿಂದ ನಡೆದುಬಂದಿದೆ. ಹತ್ತು ವರ್ಷ ತುಂಬಿದ ಬಾಲಕ ಬಾಲಕಿಯರು ಅದರಲ್ಲಿ ತಮ್ಮ ಹೆಸರಿನಲ್ಲಿಯೇ ಖಾತೆ ತೆರೆದು ತಾವೇ ವ್ಯವಹರಿಸಬಹುದು. ಖಾತೆ ತೆರೆಯಲು ಕನಿಷ್ಠ ಐನೂರು ರೂಪಾಯಿ ಬೇಕು, ಮತ್ತು ಅಷ್ಟು ಹಣವು ಖಾತೆಯಲ್ಲಿ ಯಾವಾಗಲೂ ಇರಬೇಕು. ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಡ್ಡಿ ಸೇರುತ್ತದೆ. ಪ್ರತಿ ತಿಂಗಳ ಹತ್ತನೆಯ ದಿನದಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಆ ತಿಂಗಳ ಬಡ್ಡಿಯನ್ನು ಕಟ್ಟುತ್ತಾರೆ. ಆದುದರಿಂದ ಒಂಬತ್ತನೆಯ ತಾರೀಖಿಗೆ ಕಟ್ಟಿದ ನೂರು ರೂಪಾಯಿಗೆ ಆ ತಿಂಗಳ ಬಡ್ಡಿ ಉಂಟು. ಹನ್ನೆರಡಕ್ಕೆ ಕಟ್ಟಿದ ನೂರಕ್ಕೆ ಇಲ್ಲ.

ಐನೂರು ರೂಪಾಯಿಗೆ ಒಂದು ವರ್ಷದ ಬಡ್ಡಿ ಇಪ್ಪತ್ತು ರೂಪಾಯಿ. ಇದರಿಂದ ಯಾರೂ ಸಿರಿವಂತರಾಗುವುದಿಲ್ಲವೆಂಬುದು ನಿಜ. ಸರಕುಗಳ ಬೆಲೆಯು ಅದಕ್ಕಿಂತ ವೇಗವಾಗಿ ಏರಿದರೆ ಆ ಬಡ್ಡಿಯೂ ಕರಗಿಹೋಗುತ್ತದೆ. ಅಂಚೆ ಖಾತೆಯ ಮುಖ್ಯ ಲಾಭವು ಬೇರೆಯದು. ಹಣಕ್ಕೂ ಕೈಗೂ ನಡುವೆ ಅದು ಒಂದು ದೂರವನ್ನು ನಿರ್ಮಿಸುತ್ತದೆ. ದೀಪಾವಳಿಯ ರಾತ್ರಿ ಕಡ್ಡಿಯಿಂದ ಕೆದಕಿ ತೆಗೆಯಲು ಅಲ್ಲಿ ಸಾಧ್ಯವಿಲ್ಲ. ಕಚೇರಿ ತೆರೆಯುವವರೆಗೆ ಕಾಯಬೇಕು, ಚೀಟಿ ಬರೆಯಬೇಕು. ಅಷ್ಟರಲ್ಲಿ ಎಷ್ಟೋ ಆಸೆಗಳು ತಾವಾಗಿಯೇ ಆರಿಹೋಗುತ್ತವೆ.

ಹುಂಡಿಗೆ ಇನ್ನೊಂದು ಮಿತಿಯೂ ಉಂಟು. ಕೊಪ್ಪಳದ ಸೀಮೆಯು 1948ರವರೆಗೆ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿತ್ತು. ಅಲ್ಲಿ ಚಲಾವಣೆಯಲ್ಲಿದ್ದ ಹಾಲಿ ಸಿಕ್ಕಾ ಎಂಬ ಬೇರೆಯೇ ನಾಣ್ಯವು 1950ರ ದಶಕದಲ್ಲಿ ಬಳಕೆಯಿಂದ ಹೊರಟುಹೋಯಿತು. 1957ರ ಏಪ್ರಿಲ್ 1ರಿಂದ ಆಣೆಗಳ ಸ್ಥಾನದಲ್ಲಿ ನೂರು ಪೈಸೆಯ ರೂಪಾಯಿ ಬಂದಿತು. 2011ರಲ್ಲಿ ಇಪ್ಪತ್ತೈದು ಪೈಸೆಯ ನಾಣ್ಯ ನಿಂತಿತು. 2016ರ ನವೆಂಬರ್ 8ರ ರಾತ್ರಿ ಅಂದಿನ ಐನೂರು ಮತ್ತು ಸಾವಿರ ರೂಪಾಯಿಯ ನೋಟುಗಳು ರದ್ದಾದವು. ಪ್ರತಿ ಸಲವೂ ಗಡಿಗೆಯಲ್ಲಿ, ಗೂಡಿನಲ್ಲಿ ಮರೆತು ಇಟ್ಟ ಹಣಕ್ಕೆ ಗಂಡಾಂತರ ಬಂದಿತು; ಖಾತೆಯಲ್ಲಿದ್ದ ಹಣದ ಮೊತ್ತವು ಮಾತ್ರ ಹಾಗೆಯೇ ಉಳಿಯಿತು. ಆದುದರಿಂದ ಹುಂಡಿಯು ಕೆಲವು ತಿಂಗಳ ಉಳಿತಾಯಕ್ಕೆ ತಕ್ಕುದು. ವರ್ಷಗಳ ಉಳಿತಾಯಕ್ಕೆ ಖಾತೆಯೇ ತಕ್ಕುದು.

ಈ ದಿನಗಳಲ್ಲಿ ದೂರವಾಣಿಯ ಮೂಲಕ ಹಣ ಸಲ್ಲಿಸುವ ರೂಢಿ ಹಳ್ಳಿಯ ಕಿರಾಣಿ ಅಂಗಡಿಗೂ ಬಂದಿದೆ. ಅದರಲ್ಲಿ ಸೌಕರ್ಯವಿದೆ, ಆದರೆ ನಾಣ್ಯವು ಕೈಬಿಟ್ಟು ಹೋಗುವುದು ಅಲ್ಲಿ ಕಾಣುವುದಿಲ್ಲ. ತಂದೆಯ ದೂರವಾಣಿಯಿಂದ ಹಣ ಸಲ್ಲಿಸುವ ಮಗುವಿಗೆ ಹಣವು ಮುಗಿಯುವ ವಸ್ತುವೆಂಬ ಅರಿವೇ ಉಂಟಾಗದಿರಬಹುದು. ಆದುದರಿಂದ ಎಣಿಸಿ ಕೊಡುವ ಹಣದಿಂದ ಕಲಿತ ಮೇಲೆಯೇ ಕಾಣದ ಹಣದ ಬಳಕೆಗೆ ಬರುವುದು ಕ್ಷೇಮ. ಹಾಗೆ ಸಲ್ಲಿಸಿದ ಪ್ರತಿ ಮೊತ್ತವನ್ನೂ ಅಂದೇ ಪಟ್ಟಿ ಪುಸ್ತಕದಲ್ಲಿ ಬರೆಯಬೇಕು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಮಳೆ ಕೈಕೊಟ್ಟ ವರ್ಷ, ಮಕ್ಕಳಿಗೆ ಕೊಡಲು ಹತ್ತು ರೂಪಾಯಿಯೂ ಇಲ್ಲದ ಮನೆಯವರು ಏನು ಮಾಡಬೇಕು? ಅಂತಹ ಮನೆಗಳಲ್ಲಿಯೂ ಈ ಪಾಠಕ್ಕೆ ದಾರಿಯಿದೆ. ಮನೆಗೆ ಬೇಕಾದುದನ್ನು ಸಂತೆಯಿಂದ ಹೇಗಿದ್ದರೂ ತರಲೇಬೇಕಷ್ಟೆ. ಉಪ್ಪು, ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲಗಳ ಪಟ್ಟಿಯನ್ನೂ ನೂರು ರೂಪಾಯಿಯನ್ನೂ ದೊಡ್ಡ ಮಗುವಿನ ಕೈಗೆ ಕೊಟ್ಟು, ಅದೇ ಬೆಲೆ ವಿಚಾರಿಸಿ ಕೊಂಡು ತಂದು ಲೆಕ್ಕ ಒಪ್ಪಿಸುವಂತೆ ಮಾಡಬಹುದು. ಬೆಲ್ಲದ ಬೆಲೆ ಏರಿದ್ದರೆ ಅರ್ಧ ಕಿಲೋ ಬದಲು ಕಾಲು ಕಿಲೋ ತರುವುದೋ, ಉಳ್ಳಾಗಡ್ಡಿಯನ್ನು ಕಡಿಮೆ ಮಾಡುವುದೋ ಎಂಬ ನಿರ್ಧಾರವು ಮಗುವಿನದೇ ಆಗಲಿ. ಖರ್ಚನ್ನು ಆರಿಸುವ ವಿದ್ಯೆಗೆ ಹಣವು ತನ್ನದೇ ಆಗಿರಬೇಕೆಂಬ ನಿಯಮವಿಲ್ಲ. ಆಯ್ಕೆಯು ತನ್ನದಾಗಿದ್ದರೆ ಸಾಕು.

ಕೊನೆಗೆ ಜಾತ್ರೆಯ ದಿನ ಬಂದಿತು. ಹುಂಡಿ ಒಡೆದಾಗ ನಡುವಿನವನ ಬಳಿ ಇನ್ನೂರಮೂವತ್ತು ರೂಪಾಯಿ ಇತ್ತು. ಕೊನೆಯ ನಾಲ್ಕು ವಾರಗಳಲ್ಲಿ ಗೆಳೆಯರ ಚೆಂಡಿನ ವಂತಿಗೆಗೆಂದು ವಾರಕ್ಕೆ ಐದು ರೂಪಾಯಿ ಕೊಟ್ಟುದರಿಂದ ಇಪ್ಪತ್ತು ರೂಪಾಯಿ ಕಡಿಮೆ ಬಿದ್ದಿತ್ತು. ಅಜ್ಜಿ ಸೆರಗಿನ ಗಂಟಿಗೆ ಕೈ ಹಾಕಿದಳು. ಹುಡುಗನೇ, "ಬ್ಯಾಡ ಅಜ್ಜಿ, ಸಣ್ಣದು ತಗೋತೀನಿ" ಎಂದನು. ನೂರೈವತ್ತು ರೂಪಾಯಿಯ ಚಿಕ್ಕ ಗೊಂಬೆಯೊಂದನ್ನು ಆರಿಸಿಕೊಂಡು, ಎಂಬತ್ತು ರೂಪಾಯಿಯನ್ನು ಮುಂದಿನ ವರ್ಷದ ದೊಡ್ಡ ಗೊಂಬೆಗೆಂದು ಉಳಿಸಿಕೊಂಡನು. ಹಿರಿಯಳು ಮೊದಲೇ ಲೆಕ್ಕ ಹಾಕಿದ್ದಳು. ಮಠದ ಮಹಾದಾಸೋಹದಲ್ಲಿ ಭಕ್ತರೆಲ್ಲರಿಗೂ ಪ್ರಸಾದವಿರುವುದರಿಂದ ಊಟಕ್ಕೆ ಹಣ ಬೇಡ. ಬಳೆಗೂ ಒಂದು ಪುಸ್ತಕಕ್ಕೂ ನೂರು ರೂಪಾಯಿ ಸಾಕು. ಕಿರಿಯಳು ತನ್ನ ಸೀಸೆಯ ನಾಣ್ಯಗಳಲ್ಲಿ ಹತ್ತನ್ನು ಎಣಿಸಿ ಕೊಟ್ಟು ಒಂದು ಬುಗ್ಗೆಯನ್ನು ಕೊಂಡಳು. ತೇರು ಸಾಗುವಷ್ಟರಲ್ಲಿಯೇ ಅದು ಒಡೆದುಹೋಯಿತು. ಅವಳು ಸ್ವಲ್ಪ ಹೊತ್ತು ಅತ್ತಳು. ಯಾರೂ ಇನ್ನೊಂದನ್ನು ಕೊಡಿಸಲಿಲ್ಲ. ಬಸ್ಸಿನಲ್ಲಿ ತಾಯಿಯ ತೊಡೆಯ ಮೇಲೆ ಕುಳಿತು, "ಮುಂದಿನ ಸಂತಿ ಯಾವಾಗ ಅವ್ವಾ?" ಎಂದು ಕೇಳಿದಳು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಹನಿಯು ಕೂಡಬೇಕಾದರೆ ಕೊಡವು ಸೋರದಂತಿರಬೇಕು. ಹೇಳಿದ ದಿನ ಕೊಡುವುದು, ಕೊಟ್ಟುದನ್ನು ಕಸಿಯದಿರುವುದು, ಪಡೆದುದನ್ನು ತೀರಿಸುವುದು - ಆ ಕೊಡವನ್ನು ಸೋರದಂತೆ ಕಾಯುವ ಈ ಕೆಲಸವು ಮಕ್ಕಳದಲ್ಲ, ಹಿರಿಯರದು.

ಅಭ್ಯಾಸ

1. ಕೈಖರ್ಚನ್ನು ಕೊಡುವಾಗ ಮೊದಲೇ ಗೊತ್ತುಪಡಿಸಬೇಕಾದ ಮೂರು ಸಂಗತಿಗಳಾವುವು?
2. ಕಿರಿಯ ಮಗುವಿಗೆ ಹುಂಡಿಯ ಬದಲು ಗಾಜಿನ ಸೀಸೆಯನ್ನು ಕೊಟ್ಟುದೇಕೆ?
3. ಪಟಾಕಿಗೆ ಹಣ ಕೊಟ್ಟ ಬಾಲಕನಿಗೆ ತಂದೆಯು ಹಣವನ್ನು ಮರಳಿ ತುಂಬಿಕೊಟ್ಟಿದ್ದರೆ ಏನಾಗುತ್ತಿತ್ತು? ವಿವರಿಸಿರಿ.
4. ತಾಯಿಯು ಹುಂಡಿಯ ಹಣವನ್ನು ಪಡೆದ ರೀತಿಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
5. ನಿಮ್ಮ ಮನೆಗೆ ಒಂದು ವಾರಕ್ಕೆ ಬೇಕಾದ ಸಂತೆಯ ಸಾಮಾನಿನ ಪಟ್ಟಿಯನ್ನು ಬೆಲೆಗಳೊಡನೆ ಬರೆದು, ಹಣವು ಇಪ್ಪತ್ತು ರೂಪಾಯಿ ಕಡಿಮೆಯಾದರೆ ಯಾವುದನ್ನು ಬಿಡುವಿರೆಂದು ಕಾರಣ ಸಹಿತ ತಿಳಿಸಿರಿ.